‘ಹಲೋ’ ಆದ ಮೇಲಿನ ಇಪ್ಪತ್ತು ಸೆಕೆಂಡು

ಆ ರೆಕಾರ್ಡಿಂಗ್ ಒಟ್ಟು 11 ಸೆಕೆಂಡಿನದು. ಮಂಜುನಾಥ ಮೊಬೈಲನ್ನು ಮೇಜಿನ ಮೇಲಿಟ್ಟು ಅದನ್ನು ನನಗೆ ಕೇಳಿಸಿದ. (ಹೆಸರು ಬದಲಿಸಿದ್ದೇನೆ.) ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಏರ್ ಕಂಪ್ರೆಸರ್‌ಗಳ ರಿಪೇರಿ ಮತ್ತು ಸರ್ವಿಸ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಅವನಿಗೆ ಸೇಲ್ಸ್ ಕೆಲಸ. ಸೇರಿ ಎರಡು ತಿಂಗಳಾಗಿತ್ತು.

‘ಹಲೋ.’

‘ನಮಸ್ಕಾರ ಸರ್, ಹೇಗಿದ್ದೀರಾ? ನಾನು ಮಂಜುನಾಥ ಮಾತನಾಡುತ್ತಿದ್ದೇನೆ. ನಮ್ಮ ಸಂಸ್ಥೆಯು ಕಳೆದ ಹದಿನೈದು ವರ್ಷಗಳಿಂದ ಕೈಗಾರಿಕಾ ಕ್ಷೇತ್ರಕ್ಕೆ ಉತ್ಕೃಷ್ಟ ಗುಣಮಟ್ಟದ ಸೇವೆಗಳನ್ನು...’

‘ಬೇಡಪ್ಪಾ, ಬೇಡ.’

ಅಲ್ಲಿಗೆ ಕರೆ ಮುಗಿಯಿತು. ‘ಅವರಿಗೆ ಬೇಡ ಅಂದ್ರೆ ನಾನೇನ್ ಮಾಡ್ಲಿ ಸರ್?’ ಎಂದ ಮಂಜುನಾಥ.

‘ಏನು ಬೇಡ ಅಂದ್ರು?’ ಎಂದು ಕೇಳಿದೆ. ಅವನು ಮತ್ತೊಮ್ಮೆ ರೆಕಾರ್ಡಿಂಗ್ ಹಾಕಿ ಕೇಳಿಸಿಕೊಂಡ. ಆಮೇಲೆ ಸುಮ್ಮನಾದ. ಕಂಪ್ರೆಸರ್ ಎಂಬ ಮಾತೇ ಇನ್ನೂ ಅವನ ಬಾಯಿಂದ ಬಂದಿರಲಿಲ್ಲ. ಆಚೆ ಕಡೆಯವರು ಸರ್ವಿಸ್ ಬೇಡ ಎಂದಿರಲಿಲ್ಲ, ಬೆಲೆ ಜಾಸ್ತಿ ಎಂದಿರಲಿಲ್ಲ. ಅವರು ಬೇಡ ಎಂದದ್ದು ಆ ದನಿಯನ್ನು.

ಹಲವು ವರ್ಷ ಫೋನಿನಲ್ಲೇ ಮಾರಾಟ ಮಾಡಿ, ಈಗ ಹೊಸಬರಿಗೆ ಅದೇ ಕೆಲಸ ಹೇಳಿಕೊಡುತ್ತಿರುವ ನಾನು ಇಂಥ ರೆಕಾರ್ಡಿಂಗುಗಳನ್ನು ಬಹಳ ಕೇಳಿದ್ದೇನೆ. ಹುಡುಗರು ಒಳ್ಳೆಯವರು, ಮಾರುವ ವಸ್ತುವೂ ಒಳ್ಳೆಯದು. ಆದರೆ ಮೊದಲ ಇಪ್ಪತ್ತು ಸೆಕೆಂಡಿನಲ್ಲಿ ಅವರು ಮಾತಾಡುವುದು ಎದುರಿಗಿರುವ ಮನುಷ್ಯನ ಜೊತೆಗಲ್ಲ, ಕೈಯಲ್ಲಿರುವ ಕಾಗದದ ಜೊತೆಗೆ. ಇದಕ್ಕೆ ಮದ್ದು ತಯಾರಿಯೇ ಇಲ್ಲದೆ ಮಾತಾಡುವುದು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಯಾರಿ ಇಲ್ಲದವನು ತಡವರಿಸುತ್ತಾನೆ, ತಡವರಿಸುವವನನ್ನು ಯಾರೂ ಕಾಯುವುದಿಲ್ಲ. ತಯಾರಿ ಬೇಕು. ಆದರೆ ಯಾವುದನ್ನು ತಯಾರು ಮಾಡಿಕೊಳ್ಳಬೇಕು ಎಂಬುದರಲ್ಲಿ ಎಲ್ಲವೂ ಇದೆ.

ಫೋನಿನ ಮಾತಿಗೂ ಒಂದು ಕ್ರಮ

ಮುಖಾಮುಖಿ ಭೇಟಿಯಲ್ಲಿ ನಮ್ಮ ಪರಿಚಯದ ಅರ್ಧ ಕೆಲಸವನ್ನು ಕಣ್ಣು ಮಾಡಿಬಿಡುತ್ತದೆ. ಬಾಗಿಲಲ್ಲಿ ನಿಂತವನ ವಯಸ್ಸು, ಬಟ್ಟೆ, ಕೈಯಲ್ಲಿರುವ ಬ್ಯಾಗು, ಕುತ್ತಿಗೆಯ ಗುರುತಿನ ಚೀಟಿ ಎಲ್ಲವೂ ಅವನು ಬಾಯಿ ತೆರೆಯುವ ಮೊದಲೇ ಅವನ ಬಗ್ಗೆ ಹೇಳುತ್ತವೆ. ಫೋನಿನಲ್ಲಿ ಇದು ಯಾವುದೂ ಇಲ್ಲ. ಹಾಗಾಗಿ ಫೋನಿನ ಮಾತು ತನ್ನದೇ ಒಂದು ಕ್ರಮವನ್ನು ಕಟ್ಟಿಕೊಂಡಿದೆ.

ಆ ಕ್ರಮವನ್ನು ಮೊದಲು ಬಿಡಿಸಿ ತೋರಿಸಿದವರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಇಮ್ಯಾನ್ಯುಯೆಲ್ ಶೆಗ್ಲಾಫ್ ಪ್ರಮುಖರು. ಪೊಲೀಸ್ ಕೇಂದ್ರವೊಂದರ ಸುಮಾರು 500 ಫೋನ್ ಕರೆಗಳ ಆರಂಭವನ್ನು ಅವರು ಕೂತು ಕೇಳಿ, 1968ರಲ್ಲಿ ಒಂದು ಪ್ರಬಂಧ ಬರೆದರು. ಫೋನ್ ಎತ್ತಿದವರೇ ಮೊದಲು ಮಾತಾಡುತ್ತಾರೆ ಎಂಬ ರೂಢಿಯನ್ನು ಆ 500ರಲ್ಲಿ ಒಂದೇ ಒಂದು ಕರೆ ಮುರಿದಿತ್ತು. ಆ ಕರೆಯಲ್ಲಿ ಫೋನ್ ಎತ್ತಿದವರು ಒಂದು ಸೆಕೆಂಡ್ ಮಾತಾಡಲಿಲ್ಲ. ಆಗ ಕರೆ ಮಾಡಿದವರೇ ‘ಹಲೋ’ ಎನ್ನಬೇಕಾಯಿತು. ಇದನ್ನು ಶೆಗ್ಲಾಫ್ ಹೀಗೆ ಅರ್ಥಮಾಡಿಕೊಂಡರು: ಫೋನಿನ ಗಂಟೆಯೇ ಒಂದು ಕೂಗು, ‘ಹಲೋ’ ಎಂಬುದು ಆ ಕೂಗಿಗೆ ಓಗೊಡುವುದು. ಓಗೊಡದಿದ್ದರೆ ಇನ್ನೊಮ್ಮೆ ಕೂಗಬೇಕು. ಬೀದಿಯಲ್ಲಿ ‘ಸ್ವಾಮೀ’ ಎಂದು ಕರೆದಾಗ ಆ ಮನುಷ್ಯ ತಿರುಗದಿದ್ದರೆ ನಾವು ಮತ್ತೆ ‘ಸ್ವಾಮೀ’ ಎನ್ನುತ್ತೇವಲ್ಲ, ಹಾಗೆ.

ಈ ತಿಳಿವಳಿಕೆ ಮಾರಾಟಗಾರನಿಗೆ ತುಂಬ ಉಪಯೋಗದ್ದು. ಬೀದಿಯಲ್ಲಿ ಕೂಗಿ ನಿಲ್ಲಿಸಿದವನು ಮುಂದಿನ ಮಾತಿನಲ್ಲೇ ಯಾಕೆ ನಿಲ್ಲಿಸಿದೆ ಎಂದು ಹೇಳಬೇಕು. ‘ಹಲೋ’ ಎಂದವರು ಕೂಗಿಗೆ ತಿರುಗಿ ನಿಂತಿದ್ದಾರೆ. ಈಗ ಅವರ ಮನಸ್ಸಿನಲ್ಲಿರುವುದು ಎರಡೇ ಪ್ರಶ್ನೆ. ಯಾರು ಇದು? ನನ್ನನ್ನು ಯಾಕೆ ಕರೆದರು? ಪರಿಚಿತರ ನಡುವೆ ಮೊದಲ ಪ್ರಶ್ನೆಗೆ ದನಿಯೇ ಉತ್ತರ. ಗುರುತು ಸಿಕ್ಕಮೇಲೆ ‘ಹೇಗಿದ್ದೀರಾ, ಊಟ ಆಯ್ತಾ’ ಎಂಬ ಕುಶಲದ ಮಾತು, ಅದಾದಮೇಲೆ ಫೋನ್ ಮಾಡಿದ ವಿಷಯ. ಕುಶಲ ಕೇಳುವುದು ಗುರುತಿದ್ದವರ ಹಕ್ಕು.

ಮಂಜುನಾಥನ ಕರೆ ಎಲ್ಲಿ ಎಡವಿತು ಎಂಬುದು ಇಲ್ಲಿ ಕಾಣುತ್ತದೆ. ಗುರುತೇ ಇಲ್ಲದವನು ‘ಹೇಗಿದ್ದೀರಾ’ ಎಂದ ತಕ್ಷಣ ಕೇಳುವವರ ತಲೆ ಗುರುತು ಹುಡುಕಲು ಓಡುತ್ತದೆ. ನೆಂಟರಾ? ಹಳೇ ಗಿರಾಕಿಯಾ? ಎರಡು ಸೆಕೆಂಡ್ ಹುಡುಕಿ, ಸಿಗದೆ, ‘ಓ, ಇದು ಏನನ್ನೋ ಮಾರುವವರ ಕರೆ’ ಎಂದು ಗೊತ್ತಾದಾಗ ಸಣ್ಣದೊಂದು ಮೋಸಹೋದ ಭಾವ ಹುಟ್ಟುತ್ತದೆ. ಒಳ್ಳೆಯ ಮನಸ್ಸಿನಿಂದ ಕೇಳಿದ ಕುಶಲಪ್ರಶ್ನೆಯೇ ಬಾಗಿಲು ಮುಚ್ಚಿಸುತ್ತದೆ.

ಮೊದಲೇ ಹುಷಾರಾಗಿರುವ ಕಿವಿ

ನಮ್ಮಲ್ಲಿ ಈ ಬಾಗಿಲು ಈಗ ಇನ್ನೂ ಬೇಗ ಮುಚ್ಚುತ್ತದೆ, ಅದಕ್ಕೆ ಕಾರಣವೂ ಇದೆ. ಸಾಲ ಬೇಕಾ, ಸೈಟ್ ಬೇಕಾ, ಕ್ರೆಡಿಟ್ ಕಾರ್ಡ್ ಬೇಕಾ ಎನ್ನುವ ಕರೆಗಳು, ಅವುಗಳ ಹಿಂದೆಯೇ ಪೊಲೀಸ್ ಎಂದೋ ಬ್ಯಾಂಕ್ ಎಂದೋ ಹೆದರಿಸಿ ಹಣ ಕೀಳುವ ಕರೆಗಳು. ಇವುಗಳಿಂದ ಬೇಸತ್ತ ಜನ ಕೆಲವು ಗುರುತುಗಳನ್ನು ತಮಗೇ ಅರಿವಿಲ್ಲದೆ ಕಲಿತಿದ್ದಾರೆ. ‘ಹಲೋ’ ಎಂದಮೇಲೆ ಒಂದೆರಡು ಸೆಕೆಂಡ್ ಮೌನ, ಆಮೇಲೆ ಒಂದು ಕ್ಲಿಕ್, ಹಿಂದಿನಿಂದ ಹತ್ತಾರು ದನಿಗಳ ಗುಜುಗುಜು. ದೊಡ್ಡ ಕಾಲ್ ಸೆಂಟರುಗಳಲ್ಲಿ ಯಂತ್ರವೇ ಒಮ್ಮೆಗೆ ಹಲವು ನಂಬರುಗಳನ್ನು ಒತ್ತಿ, ಎತ್ತಿದವರನ್ನು ಬಿಡುವಾಗಿರುವ ಸಿಬ್ಬಂದಿಗೆ ಜೋಡಿಸುವುದರಿಂದ ಆ ಮೌನ ಬರುತ್ತದೆ. ಜನರಿಗೆ ಯಂತ್ರದ ವಿಷಯ ಗೊತ್ತಿರಬೇಕಾಗಿಲ್ಲ. ಮೌನದ ಅರ್ಥ ಗೊತ್ತು.

ಎರಡನೆಯ ಗುರುತು ಉಸಿರು ತೆಗೆದುಕೊಳ್ಳದ ಓಟ. ಮಾತುಕತೆಯಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಬಹಳ ಸಣ್ಣದು. ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಎಂದು ತೋರಿಸಿತು. ಅಂದರೆ ಮಾತಾಡುವವರು ಎಲ್ಲಿ ನಿಲ್ಲುತ್ತಾರೆಂದು ಕೇಳುವವರು ಮೊದಲೇ ಊಹಿಸಿ ತಮ್ಮ ಮಾತಿಗೆ ಸಿದ್ಧರಾಗುತ್ತಿರುತ್ತಾರೆ. ಬಾಯಿಪಾಠ ಒಪ್ಪಿಸುವವನು ಆ ಜಾಗವನ್ನೇ ಬಿಡುವುದಿಲ್ಲ. ಮಾಲೀಕರು ‘ಹ್ಞಾಂ, ಹೇಳಿ’ ಎನ್ನಬೇಕು ಎಂದುಕೊಂಡಲ್ಲಿ ಇವನು ಮುಂದಿನ ವಾಕ್ಯಕ್ಕೆ ಹಾರಿರುತ್ತಾನೆ. ಮಾತಾಡಲು ಜಾಗ ಸಿಗದ ಮನುಷ್ಯನಿಗೆ ಉಳಿಯುವುದು ಕೆಂಪು ಗುಂಡಿ ಒಂದೇ.

ಆದ್ದರಿಂದ ಮಂಜುನಾಥನಿಗೆ ನಾನು ಹೇಳಿದ ಮೊದಲ ಮಾತು ಪದಗಳ ಬಗ್ಗೆ ಆಗಿರಲಿಲ್ಲ. ಯಾರಿಗೆ ಕರೆ ಮಾಡುತ್ತಿದ್ದೀಯೆ ಎಂದು ಕೇಳಿದೆ. ಅವನ ಹತ್ತಿರ ಎಲ್ಲಿಂದಲೋ ದುಡ್ಡು ಕೊಟ್ಟು ತಂದ ನಂಬರುಗಳ ಪಟ್ಟಿ ಇತ್ತು. ಅದನ್ನು ಬದಿಗಿಡಿಸಿದೆ. ಅದು ನೀತಿಯ ಮಾತು ಮಾತ್ರವಲ್ಲ, ನಿಯಮದ ಮಾತೂ ಹೌದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ತಂದ ನಿಯಮಾವಳಿಯಂತೆ ಪ್ರಚಾರದ ಕರೆ ಮಾಡುವವರು ನೋಂದಾಯಿಸಿಕೊಂಡಿರಬೇಕು. ಅಂಥ ಕರೆಗಳಿಗೆಂದೇ 140ರಿಂದ ಶುರುವಾಗುವ ನಂಬರುಗಳಿವೆ. ಇಂಥ ಕರೆ ಬೇಡ ಎಂದು 1909ರಲ್ಲಿ ನೋಂದಾಯಿಸಿಕೊಂಡವರಿಗೆ ಅವರ ಒಪ್ಪಿಗೆ ಇಲ್ಲದೆ ಕರೆ ಮಾಡುವಂತಿಲ್ಲ. ಮಾಡಿದರೆ ಅವರು ಅದೇ 1909ಕ್ಕೆ ದೂರು ಕೊಡಬಹುದು. 2025ರ ತಿದ್ದುಪಡಿ ಅದಕ್ಕೆ 7 ದಿನಗಳ ಅವಕಾಶ ಕೊಟ್ಟಿದೆ.

ಪಟ್ಟಿಯ ಬದಲು ಅವನ ಮೇಜಿನ ಡ್ರಾಯರಿನಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು. ಹಿಂದಿನ ತಿಂಗಳು ತುಮಕೂರು ರಸ್ತೆಯಲ್ಲಿ ನಡೆದ ಯಂತ್ರೋಪಕರಣಗಳ ಪ್ರದರ್ಶನದಲ್ಲಿ ಅವರ ಕಂಪನಿ ಸ್ಟಾಲ್ ಹಾಕಿತ್ತು. ಸರ್ವಿಸ್ ಬಗ್ಗೆ ತಿಳಿಯಬೇಕು, ಫೋನ್ ಮಾಡಿ ಎಂದು ಅರವತ್ತು ಎಪ್ಪತ್ತು ಜನ ತಮ್ಮ ಹೆಸರು, ನಂಬರು, ಕಾರ್ಖಾನೆಯಲ್ಲಿ ಯಾವ ಕೆಲಸ ಎಂಬುದನ್ನು ಅದರಲ್ಲಿ ಬರೆದಿದ್ದರು. ಯಾರೂ ಅವರಿಗೆ ಫೋನ್ ಮಾಡಿರಲಿಲ್ಲ. ಬರೆದವರಲ್ಲಿ ಹೆಚ್ಚಿನವರು ಈಗ ಅದನ್ನು ಮರೆತಿರುತ್ತಾರೆ, ಮಂಜುನಾಥ ಅವರಿಗೆ ಅಪರಿಚಿತನೇ. ಆದರೆ ‘ನನ್ನನ್ನು ಯಾಕೆ ಕರೆದೆ’ ಎಂಬುದಕ್ಕೆ ಅವನ ಬಳಿ ಈಗ ನಿಜವಾದ ಉತ್ತರ ಇತ್ತು.

ನಾಲ್ಕು ತುಂಡು, 33 ಪದ

ಇಪ್ಪತ್ತು ಸೆಕೆಂಡ್ ಎಂದರೆ ಎಷ್ಟು ಮಾತು? ಕನ್ನಡದ ಪದಗಳು ಉದ್ದ. ಆರಾಮವಾಗಿ, ನಡುವೆ ನಿಂತು ಮಾತಾಡಿದರೆ ನನ್ನ ಗಡಿಯಾರದ ಪ್ರಕಾರ 30ರಿಂದ 40 ಪದ. ಅಷ್ಟರೊಳಗೆ ನಾಲ್ಕು ತುಂಡು ಕೂರಬೇಕು: ಹೆಸರು, ಕೆಲಸ, ಕಾರಣ, ಪ್ರಶ್ನೆ. ನೋಟ್‌ಬುಕ್ಕಿನ ಒಂದು ಪುಟ ತೆಗೆದುಕೊಂಡೆವು. ಪೀಣ್ಯದಲ್ಲೇ ಸಿಎನ್‌ಸಿ ಯಂತ್ರಗಳನ್ನಿಟ್ಟುಕೊಂಡು ಬಿಡಿಭಾಗಗಳ ಜಾಬ್‌ವರ್ಕ್ ಮಾಡುವ ಸಣ್ಣ ಘಟಕದ ಮಾಲೀಕರು ಅವರು. ಕೊನೆಗೆ ಸಿದ್ಧವಾದ ಮಾತು ಇದು:

‘ನಮಸ್ಕಾರ ಸರ್. ಮಂಜುನಾಥ ಅಂತ. ಕಂಪ್ರೆಸರ್ ಸರ್ವಿಸ್ ಮಾಡ್ತೀವಿ, ಪೀಣ್ಯದಲ್ಲೇ. ಹೋದ ತಿಂಗಳು ಎಕ್ಸಿಬಿಷನ್‌ನಲ್ಲಿ ನಮ್ಮ ಸ್ಟಾಲ್ ಬುಕ್ಕಲ್ಲಿ ನಂಬರ್ ಬರೆದಿದ್ರಿ, ಅದಕ್ಕೇ ಫೋನ್ ಮಾಡ್ದೆ. ಒಂದು ವಿಷಯ ಕೇಳ್ಬೇಕಿತ್ತು ಸರ್. ಊಟದ ಟೈಮಲ್ಲಿ ಮಷೀನೆಲ್ಲ ನಿಂತಿರುತ್ತಲ್ಲ, ಆಗಲೂ ನಿಮ್ಮ ಕಂಪ್ರೆಸರ್ ಲೋಡ್ ತಗೊಳ್ತಾ ಇರುತ್ತಾ?’

ಒಟ್ಟು 33 ಪದ. ಒಂದೊಂದನ್ನೂ ಯಾಕೆ ಹಾಗಿಟ್ಟೆವು ಎಂದು ಹೇಳುತ್ತೇನೆ.

ಹೆಸರನ್ನು ನಿಧಾನವಾಗಿ ಹೇಳಿ, ಆಮೇಲೆ ಒಂದು ಉಸಿರಿನಷ್ಟು ನಿಲ್ಲಬೇಕು. ಹೊಸಬರು ಅತಿ ವೇಗವಾಗಿ ಹೇಳುವ ಪದ ಅವರ ಸ್ವಂತ ಹೆಸರೇ, ಏಕೆಂದರೆ ಅದು ಅವರಿಗೆ ಅಷ್ಟು ರೂಢಿ. ಕೇಳುವವರಿಗೆ ಅದು ಹೊಸ ಪದ. ಹಳೆಯ ಟೆಲಿಫೋನ್ ವ್ಯವಸ್ಥೆ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ದಾಟಿಸುತ್ತಿತ್ತು. ಸ, ಫ ಮುಂತಾದ ಅಕ್ಷರಗಳ ಉಸಿರಿನ ಸದ್ದು ಬಹುಪಾಲು ಅದಕ್ಕಿಂತ ಮೇಲಿರುವುದರಿಂದ ಒಂದು ಹೆಸರು ಇನ್ನೊಂದಾಗಿ ಕೇಳುತ್ತಿತ್ತು. ಈಗಿನ 4ಜಿ ಕರೆಗಳಲ್ಲಿ ಇದು ಸುಧಾರಿಸಿದೆ. ಆದರೂ ಯಂತ್ರಗಳ ಸದ್ದಿನ ನಡುವೆ, ಒಂದು ಕಿವಿಗೆ ಬೆರಳಿಟ್ಟುಕೊಂಡು ಕೇಳುವ ಮನುಷ್ಯನಿಗೆ ನಿಧಾನದ ಹೆಸರೇ ಮರ್ಯಾದೆ.

ಕೆಲಸವನ್ನು ಕಂಪನಿಯ ಹೆಸರಿಗಿಂತ ಮೊದಲು ಇಟ್ಟೆವು. ಸಣ್ಣ ಕಂಪನಿಯ ಹೆಸರು ಕೇಳುವವರಿಗೆ ಏನನ್ನೂ ಹೇಳುವುದಿಲ್ಲ. ‘ಕಂಪ್ರೆಸರ್ ಸರ್ವಿಸ್’ ಎಂದ ಕೂಡಲೇ ಅವರಿಗೆ ತಮ್ಮ ಶೆಡ್ಡಿನ ಮೂಲೆಯಲ್ಲಿರುವ ಯಂತ್ರ ಕಣ್ಣಮುಂದೆ ಬರುತ್ತದೆ. ‘ಪೀಣ್ಯದಲ್ಲೇ’ ಎಂಬ ಒಂದು ಪದ ಇವನು ಹತ್ತಿರದವನು, ಕರೆದರೆ ಬರುವವನು, ಹುಡುಕಿದರೆ ಸಿಗುವವನು ಎಂಬ ಮೂರು ವಿಷಯ ತಿಳಿಸುತ್ತದೆ. ಕಂಪನಿಯ ಹೆಸರನ್ನು ಬಚ್ಚಿಡಬೇಕಾಗಿಲ್ಲ. ಅವರು ಕೇಳಿದಾಗ, ಕೇಳದಿದ್ದರೆ ಮುಂದಿನ ಮಾತಿನಲ್ಲೇ, ಹೇಳಬೇಕು.

ಕಾರಣ ನಿಜವಾಗಿರಬೇಕು ಮತ್ತು ಈ ಒಬ್ಬ ಮನುಷ್ಯನಿಗಷ್ಟೇ ಸೇರಿದ್ದಾಗಿರಬೇಕು. ನಾನು ಹುಡುಗರಿಗೆ ಕೊಡುವ ಪರೀಕ್ಷೆ ಸರಳ. ಈ ವಾಕ್ಯವನ್ನು ನೋಟ್‌ಬುಕ್ಕಿನ ಮುಂದಿನ ಪುಟದವರಿಗೂ ಹೀಗೆಯೇ ಹೇಳಬಹುದೇ? ಸ್ಟಾಲಿನ ಮಾತನ್ನು ಎಲ್ಲರಿಗೂ ಹೇಳಬಹುದು, ಅದು ಗುರುತಿಗೆ. ಆದರೆ ಊಟದ ಹೊತ್ತಿನ ಪ್ರಶ್ನೆಯನ್ನು ಮಧ್ಯಾಹ್ನ ಎಲ್ಲ ಯಂತ್ರಗಳೂ ಒಟ್ಟಿಗೆ ನಿಲ್ಲುವ ಘಟಕದವರಿಗೆ ಮಾತ್ರ ಕೇಳಬಹುದು. ಮೂರು ಪಾಳಿ ನಡೆಸುವ ದೊಡ್ಡ ಕಾರ್ಖಾನೆಗೆ ಅದು ಹೊಂದುವುದಿಲ್ಲ. ಮೋಟರಿನ ವೇಗವನ್ನೇ ಗಾಳಿಯ ಬೇಡಿಕೆಗೆ ತಕ್ಕಂತೆ ಬದಲಿಸುವ ವಿಎಫ್‌ಡಿ ಕಂಪ್ರೆಸರ್ ಇರುವವರಿಗೂ ಹೊಂದುವುದಿಲ್ಲ, ಏಕೆಂದರೆ ಅದು ಬಿಟ್ಟುಬಿಟ್ಟು ಲೋಡ್ ತೆಗೆದುಕೊಳ್ಳುವುದಿಲ್ಲ. ಈ ವ್ಯತ್ಯಾಸ ತಿಳಿಯಲು ಐದು ನಿಮಿಷದ ಹೋಮ್‌ವರ್ಕ್ ಬೇಕು. ಬಾಯಿಪಾಠದ ದನಿ ಹೋಗುವುದು ಆ ಐದು ನಿಮಿಷದಲ್ಲಿ, ಗಂಟಲಿನ ಅಭ್ಯಾಸದಲ್ಲಲ್ಲ.

ಪ್ರಶ್ನೆಯ ಒಳಗೆ ಏನಿದೆ

ಇಡೀ ಇಪ್ಪತ್ತು ಸೆಕೆಂಡಿನ ಜೀವ ಕೊನೆಯ ಪ್ರಶ್ನೆಯಲ್ಲಿದೆ. ಅದಕ್ಕೆ ಕಂಪ್ರೆಸರ್ ಹೇಗೆ ಕೆಲಸ ಮಾಡುತ್ತದೆಂದು ಸ್ವಲ್ಪ ಹೇಳಬೇಕು.

ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕಿನಲ್ಲಿ ತುಂಬಿಡುತ್ತದೆ. ಪೈಪುಗಳ ಮೂಲಕ ಆ ಗಾಳಿ ಸಿಎನ್‌ಸಿ ಯಂತ್ರಗಳಿಗೆ ಹೋಗಿ, ಲೋಹದ ತುಂಡನ್ನು ಹಿಡಿಯುವುದು, ಚೂರುಗಳನ್ನು ಊದಿ ತೆಗೆಯುವುದು ಮುಂತಾದ ಕೆಲಸ ಮಾಡುತ್ತದೆ. ಒತ್ತಡ ಒಂದು ಮಟ್ಟಕ್ಕಿಂತ ಇಳಿದಾಗ ಕಂಪ್ರೆಸರ್ ಗಾಳಿ ತುಂಬಲು ಶುರುಮಾಡುತ್ತದೆ. ಅದನ್ನೇ ಲೋಡ್ ತೆಗೆದುಕೊಳ್ಳುವುದು ಎನ್ನುತ್ತಾರೆ. ತುಂಬಿದ ಮೇಲೆ ಲೋಡ್ ಬಿಡುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನಂತೆಯೇ. ಎಲ್ಲರೂ ಮಲಗಿದ ಮೇಲೂ ಟ್ಯಾಂಕ್ ಖಾಲಿಯಾಗಿ ಮೋಟರು ತಾನಾಗಿ ಓಡಿದರೆ ಎಲ್ಲೋ ನಲ್ಲಿ ಸೋರುತ್ತಿದೆ ಎಂದು ಅರ್ಥ. ಹಾಗೆಯೇ, ಯಂತ್ರಗಳೆಲ್ಲ ನಿಂತ ಊಟದ ಹೊತ್ತಿನಲ್ಲೂ ಕಂಪ್ರೆಸರ್ ಮತ್ತೆ ಮತ್ತೆ ಲೋಡ್ ತೆಗೆದುಕೊಂಡರೆ ಪೈಪಿನ ಜಾಯಿಂಟಿನಲ್ಲೋ ಕಪ್ಲಿಂಗಿನಲ್ಲೋ ಗಾಳಿ ಸೋರುತ್ತಿದೆ.

ಎಷ್ಟು ಸೋರುತ್ತಿದೆ ಎಂದು ಕೈಗಡಿಯಾರದಿಂದಲೇ ಅಳೆಯಬಹುದು. ಆ ಹೊತ್ತಿನಲ್ಲಿ ಕಂಪ್ರೆಸರ್ 40 ಸೆಕೆಂಡ್ ಲೋಡಿನಲ್ಲಿದ್ದು, 120 ಸೆಕೆಂಡ್ ಲೋಡ್ ಬಿಟ್ಟಿತೆನ್ನಿ. ಒಟ್ಟು 160 ಸೆಕೆಂಡಿನಲ್ಲಿ 40, ಅಂದರೆ ಕಾಲು ಭಾಗ. ಅದರ ಸಾಮರ್ಥ್ಯದ 25% ಗಾಳಿ ಯಾರಿಗೂ ಉಪಯೋಗವಾಗದೆ ಹೋಗುತ್ತಿದೆ. ಚೆನ್ನಾಗಿ ನೋಡಿಕೊಂಡ ಘಟಕದಲ್ಲಿ ಇದು 10%ಕ್ಕಿಂತ ಕಡಿಮೆ ಇರಬೇಕು. 20 ಎಚ್‌ಪಿ, ಅಂದರೆ ಸುಮಾರು 15 ಕಿಲೋವ್ಯಾಟ್ ಕಂಪ್ರೆಸರ್ ದಿನಕ್ಕೆ 10 ಗಂಟೆ, ತಿಂಗಳಿಗೆ 25 ದಿನ ಓಡಿದರೆ ಆ ಕಾಲು ಭಾಗವೇ ಒರಟು ಲೆಕ್ಕದಲ್ಲಿ 900ಕ್ಕೂ ಹೆಚ್ಚು ಯೂನಿಟ್ ಆಗುತ್ತದೆ. ಯೂನಿಟ್‌ಗೆ 7 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ ಆರೂವರೆ ಸಾವಿರ.

‘ಹಾಗಾದ್ರೆ ಇದನ್ನೇ ಮೊದಲು ಹೇಳಬಹುದಲ್ಲ ಸರ್, ತಿಂಗಳಿಗೆ ಆರೂವರೆ ಸಾವಿರ ಉಳಿಸ್ತೀವಿ ಅಂತ?’ ಎಂದು ಮಂಜುನಾಥ ಕೇಳಿದ. ಎಲ್ಲರೂ ಕೇಳುವ ಪ್ರಶ್ನೆ ಇದು. ಹೇಳಬಾರದು. ಅವರ ಕಂಪ್ರೆಸರ್ ನೋಡದೆ ಹೇಳಿದ ಲೆಕ್ಕ ಸುಳ್ಳಾಗಬಹುದು, ಮತ್ತು ಅಪರಿಚಿತರು ಫೋನಿನಲ್ಲಿ ಹೇಳುವ ಉಳಿತಾಯದ ಮಾತಿಗೆ ಜನರ ಕಿವಿ ಮುಚ್ಚಿಹೋಗಿದೆ. ಭರವಸೆ ಕೊಟ್ಟರೆ ಅವರು ನಿನ್ನನ್ನು ನಂಬಬೇಕಾಗುತ್ತದೆ. ಪ್ರಶ್ನೆ ಕೇಳಿದರೆ ಅವರು ತಮ್ಮ ಕಣ್ಣನ್ನು ನಂಬಿದರೆ ಸಾಕು. ಇಪ್ಪತ್ತನೇ ಸೆಕೆಂಡಿನಲ್ಲಿ ನಿನ್ನ ಮೇಲೆ ಅವರಿಗೆ ನಂಬಿಕೆ ಬಂದಿರುವುದಿಲ್ಲ, ಅದನ್ನು ಕೇಳಲೂಬಾರದು.

ಈ ಪ್ರಶ್ನೆಗೆ ಇನ್ನೊಂದು ಗುಣವಿದೆ. ‘ನಿಮ್ಮ ಖರ್ಚು ಕಡಿಮೆಯಾದರೆ ಒಳ್ಳೆಯದಲ್ಲವೇ?’ ಎಂಬ ಪ್ರಶ್ನೆಗೆ ಒಂದೇ ಉತ್ತರ, ಅದಕ್ಕೇ ಅದು ಬಲೆಯಂತೆ ಕೇಳುತ್ತದೆ. ಊಟದ ಹೊತ್ತಿನ ಪ್ರಶ್ನೆಗೆ ‘ಹೌದು’, ‘ಇಲ್ಲ’, ‘ಗೊತ್ತಿಲ್ಲ, ನೋಡಿಲ್ಲ’ ಎಂಬ ಮೂರೂ ಪ್ರಾಮಾಣಿಕ ಉತ್ತರಗಳಿವೆ. ಕೇಳುವವನಿಗೆ ಉತ್ತರ ಮೊದಲೇ ಗೊತ್ತಿಲ್ಲ ಎಂಬುದು ದನಿಯಲ್ಲೇ ತಿಳಿಯುತ್ತದೆ.

ಬರೆಯುವ ಕನ್ನಡ, ಆಡುವ ಕನ್ನಡ

ಮಾತು ಬಾಯಿಪಾಠದಂತೆ ಕೇಳಲು ನಮ್ಮ ಭಾಷೆಯಲ್ಲಿ ಒಂದು ವಿಶೇಷ ಕಾರಣವಿದೆ. ನಾವು ಬರೆಯುವ ಕನ್ನಡ ಬೇರೆ, ಆಡುವ ಕನ್ನಡ ಬೇರೆ. ‘ಕರೆ ಮಾಡುತ್ತಿದ್ದೇನೆ’ ಎಂದು ಬರೆಯುತ್ತೇವೆ, ‘ಫೋನ್ ಮಾಡ್ತಿದೀನಿ’ ಎನ್ನುತ್ತೇವೆ. ಆಫೀಸಿನಲ್ಲಿ ಕೂತು ಪರಿಚಯದ ಮಾತು ಬರೆದುಕೊಟ್ಟವರು ಬರವಣಿಗೆಯ ಕನ್ನಡದಲ್ಲಿ ಬರೆದಿರುತ್ತಾರೆ, ಅದೂ ಎಷ್ಟೋ ಸಲ ಇಂಗ್ಲಿಷಿನಿಂದ ಇಳಿಸಿದ್ದು. ‘ನಿಮ್ಮ ಅಮೂಲ್ಯ ಸಮಯದ ಎರಡು ನಿಮಿಷ ತೆಗೆದುಕೊಳ್ಳಬಹುದೇ’ ಎಂದು ನಮ್ಮಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ‘ಒಂದು ವಿಷಯ ಕೇಳ್ಬೇಕಿತ್ತು’ ಎನ್ನುತ್ತೇವೆ. ಹುಡುಗ ಎಷ್ಟೇ ಸಹಜವಾಗಿ ಓದಿದರೂ ‘ಸಂಸ್ಥೆಯು’, ‘ಒದಗಿಸುತ್ತಿದ್ದು’ ಎಂಬ ಪದಗಳು ಅವನನ್ನು ಹಿಡಿದುಕೊಡುತ್ತವೆ.

ಆದ್ದರಿಂದ ನಾನು ಬರೆಯುವ ಕ್ರಮವನ್ನೇ ತಿರುಗಿಸುತ್ತೇನೆ. ಮೊದಲು ಹುಡುಗರು ಬರೆಯುವಂತಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಹಾಕಿಕೊಂಡು, ಎದುರಿಗಿರುವ ಗೆಳೆಯನಿಗೆ ಯಾಕೆ ಫೋನ್ ಮಾಡುತ್ತಿದ್ದೇನೆಂದು ಹೇಳಬೇಕು. ಮಂಜುನಾಥನ ಮೊದಲ ಪ್ರಯತ್ನ ಒಂದು ನಿಮಿಷ ಓಡಿತು. ಅದನ್ನು ಕೇಳಿ, ಅವನು ಆಡಿದ್ದನ್ನು ಆಡಿದಂತೆಯೇ ಕಾಗದಕ್ಕೆ ಇಳಿಸಿ, ಬೇಡವಾದದ್ದನ್ನು ಹೊಡೆದುಹಾಕಿದೆವು. ಹದಿನೈದು ವರ್ಷಗಳ ಅನುಭವ ಹೋಯಿತು, ಗುಣಮಟ್ಟ ಹೋಯಿತು. ನಾಲ್ಕೈದು ಸಲ ಹೀಗೆ ಮಾಡಿದ ಮೇಲೆ ಆ 33 ಪದ ಉಳಿದವು. ಕೊನೆಗೆ ಆ ಕಾಗದವನ್ನೂ ತೆಗೆದಿಟ್ಟು ಹೆಸರು, ಕೆಲಸ, ಕಾರಣ, ಪ್ರಶ್ನೆ ಎಂಬ ನಾಲ್ಕು ಪದ ಮಾತ್ರ ಬರೆದ ಚೀಟಿ ಮುಂದಿಟ್ಟೆವು. ಪ್ರಶ್ನೆಯೊಂದು ಮಾತ್ರ ಪದಪದವೂ ನೆನಪಿರಬೇಕು. ಉಳಿದದ್ದು ಪ್ರತಿ ಕರೆಯಲ್ಲೂ ಸ್ವಲ್ಪ ಬೇರೆಯಾಗಿ ಬಂದರೆ ಒಳ್ಳೆಯದು.

ಏಕೆಂದರೆ ಪ್ರತಿ ‘ಹಲೋ’ ಬೇರೆ. ಗದ್ದಲದ ನಡುವಿನ ಕೂಗುವ ‘ಹಲೋ’ಗೆ ಇನ್ನೂ ಚಿಕ್ಕದಾಗಿ, ಬಿಡಿಬಿಡಿಯಾಗಿ ಹೇಳಬೇಕು. ತಗ್ಗಿದ ದನಿಯ ‘ಹಲೋ’ ಬಂದರೆ ಅವರು ಯಾರ ಜೊತೆಗೋ ಕೂತಿದ್ದಾರೆ, ‘ಆಮೇಲೆ ಮಾಡ್ಲಾ ಸರ್?’ ಎಂದು ಮೊದಲೇ ಕೇಳುವುದು ಲೇಸು. ‘ಹೇಳ್ರಿ’ ಎಂದು ಶುರುಮಾಡಿದವರು ಉತ್ತರ ಕರ್ನಾಟಕದವರಿರಬಹುದು. ಅವರ ಮಾತನ್ನು ಅನುಕರಿಸಲು ಹೋಗಬಾರದು, ನಮ್ಮ ಮಾತನ್ನು ನಿಧಾನ ಮಾಡಿದರೆ ಸಾಕು. ಪೀಣ್ಯದಲ್ಲಿ ತಮಿಳೋ ಹಿಂದಿಯೋ ಮನೆಮಾತಿನ ಮಾಲೀಕರೂ ಇದ್ದಾರೆ. ಅವರು ತಿರುಗಿ ಮಾತಾಡುವ ಭಾಷೆಗೆ ನಮಗೆ ಬಂದಷ್ಟು ಹೊಂದಿಕೊಳ್ಳಬೇಕು. ಕಿವಿಗೊಟ್ಟು ಕೇಳಿದವನ ಮೊದಲ ವಾಕ್ಯ ಯಾವತ್ತೂ ಬಾಯಿಪಾಠವಾಗಿರುವುದಿಲ್ಲ.

ತಪ್ಪು ಎಲ್ಲಿ ಎಂದು ಹೇಳುವ ಉತ್ತರಗಳು

ಇಪ್ಪತ್ತು ಸೆಕೆಂಡ್ ಸರಿಬಂತೇ ಎಂದು ತಿಳಿಯಲು ಆಚೆ ಕಡೆಯ ಮೊದಲ ಮಾತನ್ನು ಬರೆದಿಟ್ಟುಕೊಂಡರೆ ಸಾಕು. ‘ಯಾರು? ಯಾವ ಕಂಪನಿ?’ ಎಂದರೆ ಹೆಸರು, ಕೆಲಸ ಓಡಿಹೋಗಿವೆ. ‘ಸರಿ, ಏನಾಗ್ಬೇಕಿತ್ತು?’ ಎಂದರೆ ಕಾರಣ ಮುಟ್ಟಿಲ್ಲ. ‘ಹ್ಞೂಂ’ ಎಂದು ಸುಮ್ಮನಾದರೆ ಕೊನೆಯ ಮಾತು ಪ್ರಶ್ನೆಯಂತೆ ಕೇಳಿಸಿಲ್ಲ. ‘ವಾಟ್ಸಾಪ್‌ನಲ್ಲಿ ಕಳಿಸಿ’ ಎಂಬುದು ಬಹಳ ಸಲ ಸಭ್ಯವಾದ ‘ಬೇಡ’. ಪ್ರಶ್ನೆ ಅವರ ಕೆಲಸಕ್ಕೆ ತಾಗಿಲ್ಲ. ಐದು ಸೆಕೆಂಡಿನೊಳಗೆ ‘ಬೇಡ’ ಬಂದರೆ ಅವರು ಪದವನ್ನೇ ಕೇಳಿಲ್ಲ, ದನಿಯನ್ನು ಕೇಳಿದ್ದಾರೆ. ಇನ್ನು ವಿಷಯವೆಲ್ಲ ತಿಳಿದಮೇಲೆ ‘ಬೇಡ’ ಎಂದರೆ ಅದು ಸೋಲಲ್ಲ, ಅದು ಅವರ ತೀರ್ಮಾನ. ‘ಆಗ್ಲಿ ಸರ್’ ಎಂದು ಇಟ್ಟುಬಿಡಬೇಕು, ಆ ಪುಟದ ಮೇಲೆ ಗೆರೆ ಎಳೆಯಬೇಕು, ಮತ್ತೆ ಕರೆ ಮಾಡಬಾರದು.

ಮಂಜುನಾಥ ಆ ಪುಟದ ಮಾಲೀಕರಿಗೆ ಕರೆ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಬೆಳಿಗ್ಗೆ ಕೆಲಸ ಹಚ್ಚುವ ಗಡಿಬಿಡಿ ಮುಗಿದು ಊಟಕ್ಕೆ ಇನ್ನೂ ಹೊತ್ತಿದ್ದ ಹನ್ನೊಂದೂವರೆ ಸಮಯ. ಪ್ರಶ್ನೆ ಮುಗಿಸಿ ಅವನು ನಿಂತ. ಆ ನಿಲುಗಡೆ ನನಗೇ ಉದ್ದವೆನಿಸಿತು. ಮಾತು ತುಂಬಲು ಅವನು ಬಾಯಿ ತೆರೆದದ್ದನ್ನು ನೋಡಿ ಕೈ ಎತ್ತಿ ತಡೆದೆ.

‘ಊಟದ ಟೈಮಲ್ಲಾ?’ ಎಂದರು ಆಚೆಯವರು. ‘ನಾನು ಆಗ ಮೇಲೆ ಆಫೀಸಲ್ಲಿರ್ತೀನಿ. ನೋಡಿಲ್ಲ. ಯಾಕೆ?’

‘ಯಾಕೆ’ ಎಂಬ ಆ ಎರಡಕ್ಷರಕ್ಕಾಗಿಯೇ ಇಷ್ಟೆಲ್ಲ. ಈಗ ಮಾತು ಅವರದ್ದು, ಉತ್ತರಿಸುವ ಸರದಿ ಮಂಜುನಾಥನದ್ದು. ಸೋರಿಕೆಯ ವಿಷಯವನ್ನು ಅವನು ನಾಲ್ಕು ಮಾತಿನಲ್ಲಿ ಹೇಳಿ, ‘ಇವತ್ತು ಊಟಕ್ಕೆ ಬಿಟ್ಟಾಗ ಯಾರಾದ್ರೂ ಒಬ್ರು ಗಡಿಯಾರ ಹಿಡ್ಕೊಂಡು ನಿಂತ್ಕೊಳ್ಳಲಿ ಸರ್. ಎಷ್ಟು ಸೆಕೆಂಡ್ ಲೋಡು, ಎಷ್ಟು ಸೆಕೆಂಡ್ ಬಿಡುವು ಅಂತ ಬರ್ಕೊಳ್ಳಲಿ. ನಾಳೆ ಇದೇ ಹೊತ್ತಿಗೆ ಫೋನ್ ಮಾಡ್ಲಾ?’ ಎಂದ. ಆ ದಿನ ಅವನು ಏನನ್ನೂ ಮಾರಲಿಲ್ಲ, ಬೆಲೆ ಹೇಳಲಿಲ್ಲ, ಭೇಟಿಗೂ ಕೇಳಲಿಲ್ಲ.

ಮರುದಿನ ಅದೇ ಹೊತ್ತಿಗೆ ಫೋನ್ ಮಾಡಿದ. ‘ಹಲೋ’ ಬಂತು. ‘ನಮಸ್ಕಾರ ಸರ್, ಮಂಜುನಾಥ...’ ಎನ್ನುವಷ್ಟರಲ್ಲಿ ಆಚೆಯಿಂದ ಮಾತು ಬಂತು: ‘ಹ್ಞಾಂ, ಹೇಳಪ್ಪ. ನಲವತ್ತು ಸೆಕೆಂಡ್ ಲೋಡಲ್ಲಿತ್ತು, ಎರಡು ನಿಮಿಷ ಬಿಡ್ತು. ಮೂರು ಸಲ ನೋಡಿದ್ವಿ.’

ಮಂಜುನಾಥ ನನ್ನ ಕಡೆ ನೋಡಿದ. ಕೆಲಸ, ಕಾರಣ, ಪ್ರಶ್ನೆ ಯಾವುದೂ ಈ ಸಲ ಬೇಕಾಗಲಿಲ್ಲ. ದನಿಗೆ ಗುರುತು ಸಿಕ್ಕಿತ್ತು.